ಅಪ್ಪನ ಬಾಯಲ್ಲಿ ‘ರಂಗ ರಂಗ’: ಡಿಟಿಪಿಗೆ ಫೈಲ್ ಕೊಡೋ ಮುಂಚೆ ಇದನ್ನ ಓದಿ

ಅಂಗಡಿ ಹೆಸರು ಹೇಳಲ್ಲ. ಹೇಳಿ ಪ್ರಯೋಜನವೂ ಇಲ್ಲ, ಇದೇ ಕೆಲಸ ನಿಮ್ಮೂರಿನ ಅಂಗಡಿಯಲ್ಲೂ ಆಗಬಹುದು. ನನ್ನ ಕಣ್ಣೆದುರೇ ಆಯ್ತು, ಪಕ್ಕದಲ್ಲಿ ಸ್ಟೂಲ್ ಹಾಕ್ಕೊಂಡು ಕೂತು ನೋಡ್ತಾ ಇದ್ದೆ. ಹೊಟ್ಟೆ ಉರಿಯೋದು ಅದಕ್ಕೇ.

ಅಪ್ಪ ತೀರಿಕೊಂಡು ವರ್ಷ ತುಂಬೋ ಹೊತ್ತಿಗೆ ಅವರು ಬರೆದಿಟ್ಟ ನೆನಪುಗಳನ್ನ ಪುಸ್ತಕ ಮಾಡಿ ಮನೆಯವರಿಗೆಲ್ಲ ಹಂಚೋಣ ಅಂತ ಹೊರಟೆ. ಹನ್ನೊಂದು ಅಧ್ಯಾಯ, ಕೊನೆಯದು ಅಪ್ಪನ ಕಡೆಯ ದಿನಗಳ ಬಗ್ಗೆ ನಾನು ಬರೆದದ್ದು. ಎಲ್ಲ ಯೂನಿಕೋಡ್‌ನಲ್ಲಿ ವರ್ಡ್ ಫೈಲ್. ಏಳನೇ ಅಧ್ಯಾಯದಲ್ಲಿ ರಾಮ ಅನ್ನೋ ಜಮೀನಿನ ಪಾಲುದಾರ ಬರ್ತಾನೆ. ಅವರ ಮಕ್ಕಳು ‘ನಮ್ಮಪ್ಪನ ಹೆಸರು ಬೇಡ’ ಅಂದ್ರು. ಸರಿ, ಅದೊಂದು ಅಧ್ಯಾಯದಲ್ಲಿ ಮಾತ್ರ ರಾಮನನ್ನ ರಂಗ ಮಾಡಿ ಅಂತ ಡಿಟಿಪಿ ಹುಡುಗನಿಗೆ ಹೇಳಿದೆ. ಏಳನೇ ಅಧ್ಯಾಯ ಮಾತ್ರ. ಎರಡು ಸಲ ಹೇಳಿದೆ.

‘ಒಂದ್ನಿಮಿಷದ ಕೆಲ್ಸ ಸಾರ್’ ಅಂದ. ನಿಜಕ್ಕೂ ಸರಿಯಾಗೇ ಶುರು ಮಾಡಿದ. ಅಧ್ಯಾಯದ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಸೆಲೆಕ್ಟ್ ಮಾಡಿದ, `Ctrl+H` ಒತ್ತಿದ, ಮೇಲೆ ರಾಮ, ಕೆಳಗೆ ರಂಗ, `Replace All`. ನನಗೆ ಸಮಾಧಾನವಾಯ್ತು, ಪರವಾಗಿಲ್ಲ, ಕೆಲಸ ಬಲ್ಲವನು ಅಂತ. ಪರದೆ ಮೇಲೆ ಒಂದು ಸಣ್ಣ ಪೆಟ್ಟಿಗೆ ಬಂತು. ಆಯ್ದ ಭಾಗದಲ್ಲಿ 38 ಕಡೆ ಬದಲಾಗಿದೆ, ಉಳಿದ ಫೈಲ್‌ನಲ್ಲೂ ಹುಡುಕಲಾ ಅಂತ ಅದರ ಪ್ರಶ್ನೆ.

ಹುಡುಗ ಓದಲೇ ಇಲ್ಲ. `Yes` ಒತ್ತಿದ.

ಮತ್ತೊಂದು ಪೆಟ್ಟಿಗೆ. ಅದರಲ್ಲಿ ಮೂರಂಕಿಯ ಸಂಖ್ಯೆ. ನಾನು ನೋಡಿದೆ ಕಣ್ರೀ, ನೋಡಿದೆ! ಒಂದು ಅಧ್ಯಾಯದಲ್ಲಿ ಅಷ್ಟು ಸಲ ರಾಮ ಎಲ್ಲಿಂದ ಬಂದ ಅಂತ ಕೇಳಬೇಕಿತ್ತು. ಅವನು `OK` ಒತ್ತಿ, ಸೇವ್ ಮಾಡಿ, ಫೈಲ್ ಮುಚ್ಚಿ ‘ಆಯ್ತು ಸಾರ್’ ಅಂದ. ನಾನು ಥ್ಯಾಂಕ್ಸ್ ಬೇರೆ ಹೇಳಿ ಬಂದೆ. ಆ ಕ್ಷಣ `Ctrl+Z` ಒತ್ತಿದ್ದರೆ ಎಲ್ಲ ಹಿಂದಕ್ಕೆ ಬರ್ತಿತ್ತು. ಫೈಲ್ ಮುಚ್ಚಿದ ಮೇಲೆ ಆ ದಾರಿಯೂ ಹೋಯ್ತು.

ಮರುದಿನ ಪ್ರೂಫ್ ಕೊಟ್ಟ. ಬದಲಾಗಿದ್ದು ಏಳನೇ ಅಧ್ಯಾಯ ಒಂದೇ ಅಲ್ವಾ ಅಂತ ಅದನ್ನಷ್ಟೇ ಓದಿ ಸಹಿ ಹಾಕಿದೆ. ನನ್ನ ಪೆದ್ದತನ ಅದು, ಒಪ್ಕೋತೀನಿ. 150 ಪ್ರತಿ ಅಚ್ಚಾಯ್ತು.

ವರ್ಷಾಬ್ದಿಕದ ದಿನ ಊಟ ಆದ ಮೇಲೆ ಅತ್ತೆ ಕನ್ನಡಕ ಹಾಕ್ಕೊಂಡು ಕೊನೆಯ ಅಧ್ಯಾಯ ಜೋರಾಗಿ ಓದೋಕೆ ಶುರು ಮಾಡಿದ್ರು. ‘ರಾಮ ರಾಮ ಎನ್ನುತ್ತಲೇ ಕಣ್ಣು ಮುಚ್ಚಿದರು’ ಅಂತ ನಾನು ಬರೆದಿದ್ದೆ. ಅತ್ತೆ ಓದಿದ್ದು ‘ರಂಗ ರಂಗ ಎನ್ನುತ್ತಲೇ’. ನಿಲ್ಲಿಸಿ ನನ್ನ ಮುಖ ನೋಡಿದ್ರು. ‘ಅಣ್ಣ ಯಾವಾಗ ರಂಗ ಅಂದಿದ್ನೋ? ಪಕ್ಕದಲ್ಲಿ ಕೂತಿದ್ದೋಳು ನಾನು.’ ಆಮೇಲೆ ಒಬ್ಬೊಬ್ಬರೇ ಪುಟ ತಿರುವಿ ಹುಡುಕೋಕೆ ಶುರು. ಅಪ್ಪ ಗೂಡು ಹೊತ್ತುಕೊಂಡು ಹೋಗ್ತಿದ್ದ ರಾಮನಗರದ ಮಾರುಕಟ್ಟೆ ರಂಗನಗರಕ್ಕೆ ಹೋಗಿತ್ತು. ರಾಮನವಮಿ ಪಾನಕ ರಂಗನವಮಿ ಪಾನಕ. ಆರಾಮ ಕುರ್ಚಿ ಆರಂಗ ಕುರ್ಚಿ. ಮಧ್ಯಾಹ್ನದ ವಿರಾಮ ವಿರಂಗ. ಸೀತಾರಾಮ ಕಲ್ಯಾಣದಲ್ಲಿ ಸೀತೆ ಯಾರನ್ನ ಮದುವೆಯಾದಳು ಅಂತ ಇಲ್ಲಿ ಬರೆಯೋಕೂ ನಾಚಿಕೆ. ಮಕ್ಕಳು ನಗ್ತಾ ಇದ್ರು, ನಾನು ಕೈ ತೊಳೆಯೋ ನೆಪದಲ್ಲಿ ಹಿತ್ತಲಿಗೆ ಹೋದೆ.

ಅಂಗಡಿಗೆ ಫೋನ್ ಮಾಡಿದೆ. ಉತ್ತರ ಕೇಳಿ. ‘ರಾಮ ತೆಗೆದು ರಂಗ ಹಾಕಿ ಅಂದಿದ್ದು ನೀವೇ ಅಲ್ವಾ ಸಾರ್?’ ಏಳನೇ ಅಧ್ಯಾಯದಲ್ಲಿ ಅಂದಿದ್ದೆ ಮಾರಾಯ! ‘ಅಷ್ಟೇ ಸೆಲೆಕ್ಟ್ ಮಾಡಿದ್ದೆ ಸಾರ್, ನೀವೂ ನೋಡಿದ್ರಿ. ಕಂಪ್ಯೂಟರ್ ಏನೋ ಕೇಳ್ತು, ಯೆಸ್ ಕೊಟ್ಟೆ.’ ಏನು ಕೇಳ್ತು? ‘ಅದು ಯಾವಾಗ್ಲೂ ಕೇಳುತ್ತೆ ಸಾರ್.’

ಇಲ್ಲಿಗೆ ಮುಗೀಲಿಲ್ಲ. ‘ಟೆನ್ಷನ್ ಬೇಡ, ಉಲ್ಟಾ ರಿಪ್ಲೇಸ್ ಕೊಟ್ಟು ವಾಪಸ್ ತರ್ತೀನಿ’ ಅಂದ. ರಂಗ ಇದ್ದಲ್ಲೆಲ್ಲ ರಾಮ. ತಂದ. ಶ್ರೀರಂಗಪಟ್ಟಣ ಶ್ರೀರಾಮಪಟ್ಟಣವಾಗಿ ಬಂತು. ಅಪ್ಪನ ಅಂತರಂಗ ಅಂತರಾಮ, ರಂಗಭೂಮಿ ರಾಮಭೂಮಿ, ಸುರಂಗ ಸುರಾಮ. ಮೊದಲಿಂದಲೇ ಇದ್ದ ರಂಗ ಯಾವುದು, ಇವನು ತುರುಕಿದ ರಂಗ ಯಾವುದು ಅಂತ ಫೈಲ್‌ಗೆ ಗೊತ್ತಿಲ್ಲ, ಎರಡೂ ಅದೇ ಅಕ್ಷರ. ಒಂದು ಸಲ ಬೆರೆತ ಮೇಲೆ ಹಾಲು ನೀರು ಬೇರೆ ಮಾಡೋಕಾಗಲ್ಲ.

ಒಂದೇ ಅಧ್ಯಾಯದೊಳಗೆ ನಿಂತಿದ್ದರೂ ತಪ್ಪು ಪೂರಾ ತಪ್ಪುತ್ತಿರಲಿಲ್ಲ ಅನ್ನೋದು ಬೇರೆ ಮಾತು. ಆ 38ರಲ್ಲೇ ಒಂದು ಆರಾಮ, ಎರಡು ರಾಮನಗರ ಇದ್ದವು, ಆಮೇಲೆ ಎಣಿಸಿದೆ. ಆದರೆ 38ನ್ನ ಕೂತು ಓದಬಹುದು ಸ್ವಾಮಿ, ಹತ್ತು ನಿಮಿಷ ಸಾಕು. ಎಲ್ಲಿ ಹುಡುಕಬೇಕು ಅಂತಾದರೂ ಗೊತ್ತಿರುತ್ತೆ. ಪೂರ್ತಿ ಪುಸ್ತಕಕ್ಕೆ ಹರಡಿದ್ದನ್ನ ಹುಡುಕೋದು ಯಾರು? ಪ್ರೂಫ್ ನೋಡುವಾಗ ಮುಟ್ಟಿಲ್ಲ ಅಂದುಕೊಂಡ ಅಧ್ಯಾಯಗಳನ್ನ ನಾನು ಓದಲೇ ಇಲ್ಲ, ಏಟು ಬಿದ್ದಿದ್ದು ಅಲ್ಲೇ.

‘ಪೂರ್ತಿ ಪದ ಮಾತ್ರ ಹುಡುಕು ಅನ್ನೋ ಆಯ್ಕೆ ಇದೆಯಲ್ಲ’ ಅಂತ ಭಾವಮೈದ ಬುದ್ಧಿ ಹೇಳಿದ. ಇಂಗ್ಲಿಷಿಗೆ ಸರಿ. ಕನ್ನಡದಲ್ಲಿ ರಾಮ ಒಬ್ಬನೇ ಎಲ್ಲಿ ಓಡಾಡ್ತಾನೆ? ರಾಮನ, ರಾಮನಿಗೆ, ರಾಮನನ್ನು, ರಾಮನೂ. ಪೂರ್ತಿ ಪದ ಅಂತ ಹಾಕಿದರೆ ಇವೆಲ್ಲ ಹಾಗೇ ಉಳೀತವೆ. ಹಾಕದಿದ್ದರೆ ವಿರಾಮವೂ ಕೆಡುತ್ತೆ. ಅದಕ್ಕೇ ನಮ್ಮ ಭಾಷೆಗೆ ಈ ಸೆಲೆಕ್ಟ್ ಮಾಡೋ ಬೇಲಿ ಇನ್ನೂ ಹೆಚ್ಚು ಬೇಕು.

ಡಿಟಿಪಿಗೆ ಹೋಗೋರು ಪಕ್ಕದಲ್ಲಿ ಕೂತು ಆ ಪೆಟ್ಟಿಗೆಯನ್ನ ನೀವೇ ಓದಿ. ವರ್ಡ್ ಆ ಪ್ರಶ್ನೆ ಕೇಳಿದರೆ `No`, ಬಾಯಿಬಿಟ್ಟು ಹೇಳಿ, ಬೇಕಾದ್ರೆ ಮೌಸ್ ಕಿತ್ಕೊಳ್ಳಿ. ಲಿಬ್ರೆ ಆಫೀಸ್ ಆದರೆ `Current selection only` ಅಂತ ಒಂದು ಟಿಕ್ ಇದೆ, ಅದು ಬಿದ್ದಿದೆಯಾ ನೋಡಿ. ಎಕ್ಸೆಲ್ ಇನ್ನೂ ಮೋಸ: ಹಲವು ಮನೆಗಳನ್ನ ಸೆಲೆಕ್ಟ್ ಮಾಡಿದ್ರೆ ಅಷ್ಟರಲ್ಲೇ ಬದಲಿಸುತ್ತೆ, ಒಂದೇ ಮನೆ ಮೇಲೆ ನಿಂತಿದ್ರೆ ಆ ಒಂದು ಮನೆ ಅಲ್ಲ, ಇಡೀ ಹಾಳೆ. ನಂಬಿಕೆ ಇಲ್ಲದಿದ್ರೆ ಆ ಅಧ್ಯಾಯವನ್ನ ಬೇರೆ ಫೈಲ್‌ಗೆ ಹಾಕಿ ಅಲ್ಲೇ ಬದಲಿಸಿ ತಂದು ಅಂಟಿಸಿ. ನಾನೀಗ ಅದನ್ನೇ ಮಾಡೋದು.

ನನ್ನ ಪುಣ್ಯ, ಅವನಿಗೆ ಮೊದಲು ಕಳಿಸಿದ್ದ ಫೈಲ್ ಮೇಲ್‌ನಲ್ಲಿ ಇತ್ತು. ವರ್ಡ್‌ನ `Compare`ನಲ್ಲಿ ಹಳೇದು ಹೊಸದು ಎರಡನ್ನೂ ಕೊಟ್ಟು ಎಲ್ಲೆಲ್ಲಿ ಕೆಟ್ಟಿದೆ ನೋಡಿದೆ, ಹತ್ತು ಅಧ್ಯಾಯ ಹಳೇದರಿಂದಲೇ ತಗೊಂಡೆ, ಏಳನೆಯದನ್ನ ಒಂದೊಂದೇ ಪದ ನೋಡಿ ಬದಲಿಸಿದೆ. ಮತ್ತೆ ಅಚ್ಚು, ಮತ್ತೆ ದುಡ್ಡು. ಹಳೇ ಪ್ರತಿ ವಾಪಸ್ ಕೇಳಿದ್ರೆ ಅತ್ತೆ ಕೊಡಲ್ಲ ಅಂತಾರೆ, ಮೊಮ್ಮಕ್ಕಳಿಗೆ ಓದಿ ನಗಿಸೋಕೆ ಬೇಕಂತೆ.

ನಿನ್ನೆ ಅಂಗಡಿಯವನ ಮೆಸೇಜ್ ಬಂತು. ತಪ್ಪಾಯ್ತು ಅಂತಲ್ಲ. ‘ಸಾರ್, ತಿದ್ದುಪಡಿ ಚಾರ್ಜ್ ಬಾಕಿ ಇದೆ, 400 ರೂಪಾಯಿ.’