ಜರ್ಮನ್ ಕರಾರಿನ ಅನುವಾದ ತಾಳೆ ನೋಡುವ ಮೂರು ದಾರಿಗಳು: ಯಾವುದರ ಕೈಗೆ ಏನು ಸಿಗುತ್ತದೆ?

ಕರಾರು ಜರ್ಮನಿಯ ಪಂಪ್ ತಯಾರಕರದ್ದು, ಬೆಂಗಳೂರಿನ ವಿತರಕರ ಜೊತೆ. ಇಂಗ್ಲಿಷಿಗೆ ತಂದವರು ಜರ್ಮನ್ ಚೆನ್ನಾಗಿ ಬಲ್ಲ ಒಬ್ಬ ಎಂಜಿನಿಯರ್, ಕಾನೂನು ಅವರ ಕ್ಷೇತ್ರವಲ್ಲ. ವಾಕ್ಯಗಳು ಸರಾಗವಾಗಿದ್ದವು. ತಾಳೆ ನೋಡುವವರಿಗೆ ಅದೇ ಕಷ್ಟ, ಎಲ್ಲೂ ಎಡವದೆ ಓದಿಕೊಂಡು ಹೋಗಿಬಿಡುತ್ತೇವೆ.

ಇಂಗ್ಲಿಷ್ ಕರಾರಿನಲ್ಲಿ ಅರ್ಥ ನಿಗದಿ ಮಾಡಿದ ಪದವನ್ನು ದೊಡ್ಡಕ್ಷರದಿಂದ ಗುರುತಿಸಬಹುದು. ಜರ್ಮನ್‌ನಲ್ಲಿ ಪ್ರತಿ ನಾಮಪದವೂ ದೊಡ್ಡಕ್ಷರದಲ್ಲೇ ಶುರುವಾಗುತ್ತದೆ. ಹಾಗಾಗಿ ಯಾವುದು ನಿಗದಿಯಾದ ಪದ, ಯಾವುದು ಸಾಮಾನ್ಯ ಪದ ಅಂತ ಬರೀ ನೋಡಿ ಹೇಳಲಾಗದು. ಈ ಅನುವಾದದಲ್ಲಿ ದೊಡ್ಡಕ್ಷರಗಳು ಮನಬಂದಂತೆ ಬಿದ್ದಿದ್ದವು.

ಮೊದಲ ದಾರಿ, ಎರಡನ್ನೂ ಅಕ್ಕಪಕ್ಕ ಇಟ್ಟು ಓದುವುದು. ಬಿಟ್ಟುಹೋದ ವಾಕ್ಯ, ಕಳೆದುಹೋದ 'ಇಲ್ಲ', ತಪ್ಪಾದ ಕಲಮಿನ ಸಂಖ್ಯೆ, ಇವೆಲ್ಲ ಇದರಲ್ಲಿ ಸಿಗುತ್ತವೆ. ಪದಗಳ ಏಕರೂಪತೆಗೆ ಮಾತ್ರ ಇದನ್ನು ನಂಬಬೇಡಿ. ಹದಿನಾಲ್ಕನೇ ಕಲಮಿಗೆ ಬರುವಷ್ಟರಲ್ಲಿ ಎರಡನೇ ಕಲಮಿನಲ್ಲಿ ಯಾವ ಪದ ಹಾಕಿದ್ದರು ಅನ್ನೋದು ಯಾರಿಗೆ ನೆನಪಿರುತ್ತದೆ?

ಎರಡನೆಯದು ಎಕ್ಸ್‌ಬೆಂಚ್ ಥರದ, ಅನುವಾದದ ತಪ್ಪು ಹುಡುಕುವ ತಂತ್ರಾಂಶ. ಮೊದಲು ಎರಡೂ ಪಠ್ಯಗಳನ್ನು ವಾಕ್ಯಕ್ಕೆ ವಾಕ್ಯ ಜೋಡಿಸಿಕೊಳ್ಳಬೇಕು. ಅದರ ಏಕರೂಪತೆಯ ತಪಾಸಣೆ ಇಡೀ ವಾಕ್ಯವನ್ನು ಹೋಲಿಸುತ್ತದೆ. ಕರಾರಿನಲ್ಲಿ ಒಂದೇ ವಾಕ್ಯ ಎರಡು ಸಲ ಬರೋದು ಅಪರೂಪ, ಹಾಗಾಗಿ ಸುಮ್ನೆ ಓಡಿಸಿದರೆ ಹೆಚ್ಚೇನೂ ಸಿಗಲ್ಲ. ಯಾವ ಜರ್ಮನ್ ಪದಕ್ಕೆ ಯಾವ ಇಂಗ್ಲಿಷ್ ಪದ ಅನ್ನೋ ಪದಪಟ್ಟಿ ನಾವೇ ಕೊಟ್ಟರೆ ಉಪಯೋಗವಿದೆ. ಫರ್‌ಟ್ರಾಗ್ಸ್‌ಗಬೀಟ್, ಅಂದರೆ ವಿತರಕರ ಮಾರಾಟ ಪ್ರದೇಶ, ಒಂದು ಕಡೆ 'ಟೆರಿಟರಿ', ಇನ್ನೊಂದು ಕಡೆ 'ಕಾಂಟ್ರ್ಯಾಕ್ಟ್ ಏರಿಯಾ', ಮತ್ತೊಂದು ಕಡೆ 'ರೀಜನ್' ಆಗಿದ್ದನ್ನು ಅದು ಬೇಗ ತೋರಿಸಿಕೊಟ್ಟಿತು.

ಆದರೆ ಪದದ ರೂಪ ಬದಲಾದರೆ ಹುಡುಕಾಟ ಕೈಕೊಡುತ್ತದೆ. ಕರಾರಿಗೆ ಜರ್ಮನ್ ಪದ `Vertrag` ಅಂತ ಹುಡುಕಿದರೆ ಅದರ ಬಹುವಚನ `Verträge` ಸಿಗಲ್ಲ. ವರ್ಡ್‌ನಲ್ಲಿ ವೈಲ್ಡ್‌ಕಾರ್ಡ್ ಆಯ್ಕೆ ಹಾಕಿ ಹೀಗೆ ಹುಡುಕಿದರೆ ಎರಡೂ ಸಿಗುತ್ತವೆ:

```
Vertr[aä]g
```

ಮೂರನೇ ದಾರಿ ಉಲ್ಟಾ. ಇಂಗ್ಲಿಷ್‌ನಿಂದ ಶುರು ಮಾಡಿ, ಒಂದೊಂದು ಮುಖ್ಯ ಪದದ ಕೆಳಗೆ ಯಾವ ಜರ್ಮನ್ ಪದವಿದೆ ಅಂತ ಹಾಳೆಯಲ್ಲಿ ಬರೆಯುತ್ತಾ ಹೋಗುವುದು: ಕಲಮು, ಇಂಗ್ಲಿಷ್ ಪದ, ಜರ್ಮನ್ ಪದ. ನಿಧಾನದ ಕೆಲಸ. ಆದರೆ ನನ್ನ ಮಟ್ಟಿಗೆ ಹೆಚ್ಚು ಬೆಲೆ ಇರೋದು ಇದಕ್ಕೇ.

ಇಂಗ್ಲಿಷ್‌ನಲ್ಲಿ `terminat` ಅಂತ ಹುಡುಕಿದೆ. ಎಲ್ಲ ಕಡೆ ಅಚ್ಚುಕಟ್ಟಾಗಿ ಒಂದೇ ಪದ. ಅದರ ಕೆಳಗೆ ಮಾತ್ರ ಎರಡು ಬೇರೆ ವಿಷಯಗಳಿದ್ದವು. ಹದಿನಾಲ್ಕನೇ ಕಲಮಿನಲ್ಲಿ ಕ್ಯುಂಡಿಗುಂಗ್: ನೋಟಿಸು ಕೊಟ್ಟು ಕರಾರನ್ನು ಮುಂದಕ್ಕೆ ನಿಲ್ಲಿಸುವುದು, ಹಿಂದೆ ನಡೆದ ವ್ಯವಹಾರ ಹಾಗೇ ಇರುತ್ತದೆ. ಎಂಟನೇ ಕಲಮಿನಲ್ಲಿ ರ್ಯುಕ್‌ಟ್ರಿಟ್: ಕರಾರಿನಿಂದ ಹಿಂದೆ ಸರಿಯುವುದು, ಆಗ ಜರ್ಮನ್ ನಾಗರಿಕ ಸಂಹಿತೆಯ 346ನೇ ಸೆಕ್ಷನ್ ಪ್ರಕಾರ, ಎರಡೂ ಕಡೆಯವರು ಪಡೆದದ್ದನ್ನು ವಾಪಸ್ ಕೊಡಬೇಕು. ಎಂಟನೇ ಕಲಮಿನಲ್ಲಿ ಆ ಪದ ನೇರವಾಗಿ ಇರಲೂ ಇಲ್ಲ. ಕ್ರಿಯಾಪದ ಒಡೆದು ವಾಕ್ಯದ ಎರಡು ತುದಿಗೆ ಹೋಗಿತ್ತು, `tritt` ಮುಂದೆ, `zurück` ಕೊನೆಗೆ. ಜರ್ಮನ್ ಕಡೆಯಿಂದ `Rücktritt` ಹುಡುಕಿದವರಿಗೆ ಇದು ಸಿಗುತ್ತಲೇ ಇರಲಿಲ್ಲ.

ಅದೇ ಕಲಮಿನಲ್ಲಿ ಇನ್ನೊಂದು ಪದ ಹೀಗೇ ಬೆರೆತಿತ್ತು. ಮೂಲದಲ್ಲಿ ಇಡೀ ವಿತರಣಾ ಕರಾರಿಗೆ ಫರ್‌ಟ್ರಾಗ್, ಪ್ರತಿಯೊಂದು ಆರ್ಡರಿಗೆ ಐನ್‌ಜೆಲ್‌ಫರ್‌ಟ್ರಾಗ್ ಅಂತ ಬೇರೆ ಬೇರೆ ಹೆಸರು. ಅನುವಾದದಲ್ಲಿ ಎರಡೂ 'ಕಾಂಟ್ರ್ಯಾಕ್ಟ್'. ಮೂಲ ಹೇಳಿದ್ದು ಇಷ್ಟೇ: ಸರಕು ತಡವಾಗಿ, ಕೊಟ್ಟ ಹೆಚ್ಚುವರಿ ಗಡುವೂ ಮುಗಿದರೆ, ಖರೀದಿದಾರರು ಆ ಒಂದು ಆರ್ಡರಿನಿಂದ ಹಿಂದೆ ಸರಿಯಬಹುದು. ಇಂಗ್ಲಿಷ್ ಓದಿದವರಿಗೆ ಒಂದು ಲೋಡು ತಡವಾದರೆ ಇಡೀ ವಿತರಣಾ ಕರಾರನ್ನೇ ಕೊನೆಗೊಳಿಸಬಹುದು ಅನ್ನಿಸುತ್ತಿತ್ತು.

ತಂತ್ರಾಂಶ ಇದಕ್ಕೆ ತಕರಾರು ಮಾಡಲಿಲ್ಲ. ಪದಪಟ್ಟಿಯನ್ನೂ ಅನುವಾದ ನೋಡಿಯೇ ತಯಾರಿಸಿದರೆ ಅದರಲ್ಲೂ ಎರಡು ಜರ್ಮನ್ ಪದಗಳಿಗೆ ಒಂದೇ ಇಂಗ್ಲಿಷ್ ಪದ ಇರುತ್ತದೆ. ಆಗ ಎಲ್ಲವೂ ಸರಿ ಅಂತಲೇ ಕಾಣುತ್ತದೆ, ಅಲ್ವಾ? ಒಂದು ಪದ ಮೂರಾಗುವುದು ಕಿರಿಕಿರಿ, ಆದರೆ ಓದುವವರು ಗಮನಿಸಿ ಕೇಳಿಯಾರು. ಎರಡು ಪದ ಒಂದಾದರೆ ಕೇಳುವುದಕ್ಕೂ ಸುಳಿವಿರುವುದಿಲ್ಲ.

ಹಾಗಾಗಿ ಈಗ ಉಲ್ಟಾ ಪಟ್ಟಿ ಮೊದಲು, ಅದನ್ನು ತಿದ್ದಿ ಎಕ್ಸ್‌ಬೆಂಚ್‌ಗೆ ಕೊಡೋದು ಆಮೇಲೆ, ಪೂರ್ತಿ ಓದು ಕೊನೆಗೆ. ಎಲ್ಲ ಪದಕ್ಕೂ ಪಟ್ಟಿ ಮಾಡಲು ಹೋಗಬೇಡಿ. ಹಣ, ಗಡುವು, ಹೊಣೆ, ಕರಾರಿನ ಮುಕ್ತಾಯ, ಮತ್ತು ವ್ಯಾಖ್ಯೆಯ ಕಲಮಿನಲ್ಲಿರುವ ಪದಗಳು ಸಾಕು.

ಒಂದು ಜಾಗದಲ್ಲಿ ಮೂರೂ ದಾರಿ ನಿಂತುಹೋಗುತ್ತವೆ. ಏಳನೇ ಕಲಮಿನಲ್ಲಿ ಮೂಲವೇ 'ಕರಾರಿನ ಉತ್ಪನ್ನಗಳು' ಅನ್ನೋದನ್ನು ಬಿಟ್ಟು ಬರೀ 'ಸರಕು' ಅಂದಿತ್ತು. ಎಂಜಿನಿಯರ್ ಅದನ್ನೂ 'ಪ್ರಾಡಕ್ಟ್ಸ್' ಅಂತ ಸಮ ಮಾಡಿದ್ದರು. ನಾನು ಅದನ್ನು 'ಗೂಡ್ಸ್' ಅಂತ ವಾಪಸ್ ಹಾಕಿ, ಅಂಚಿನಲ್ಲಿ ಟಿಪ್ಪಣಿ ಬರೆದೆ: ಉತ್ಪನ್ನಗಳ ಪಟ್ಟಿಯಲ್ಲಿ ಬಿಡಿಭಾಗಗಳಿಲ್ಲ, ಈ 'ಸರಕಿ'ನಲ್ಲಿ ಅವೂ ಸೇರಿವೆಯೇ? ಅದನ್ನು ತಯಾರಕರ ವಕೀಲರೇ ಹೇಳಬೇಕು.