ರೆಸ್ಯೂಮ್‌ನ ತಾರೀಖು ಪರಿಶೀಲನೆ: ಹಿಂದಿನ ಸಾಲಿಗೆ ಹೋಲಿಸುವುದೋ, ಅಲ್ಲಿಯವರೆಗಿನ ಕೊನೆಯ ತಾರೀಖಿಗೋ?

ತೋರಣಗಲ್ಲಿನ ಸುತ್ತಮುತ್ತಲ ಕಾರ್ಖಾನೆಗಳಿಗೆ ನಿರ್ವಹಣಾ ಸಿಬ್ಬಂದಿಯನ್ನು ಒದಗಿಸುವ ಗುತ್ತಿಗೆ ಸಂಸ್ಥೆಯೊಂದರಲ್ಲಿ ನಾನು ನೇಮಕಾತಿಯ ಕೆಲಸ ನೋಡಿಕೊಳ್ಳುತ್ತೇನೆ. ಇಲ್ಲಿಗೆ ಬರುವ ರೆಸ್ಯೂಮ್‌ಗಳಲ್ಲಿ ಸಣ್ಣ ಸಣ್ಣ ಅವಧಿಯ ಕೆಲಸಗಳೇ ಹೆಚ್ಚು, ಏಕೆಂದರೆ ಕಾರ್ಖಾನೆ ಅದೇ ಇದ್ದರೂ ಗುತ್ತಿಗೆದಾರ ಬದಲಾದಾಗ ಕೆಲಸಗಾರನ ಅನುಭವದ ಪಟ್ಟಿಗೆ ಹೊಸದೊಂದು ಸಾಲು ಸೇರುತ್ತದೆ. ಈ ಸಾಲುಗಳ ನಡುವಿನ ಗ್ಯಾಪ್ ಮತ್ತು ಓವರ್‌ಲ್ಯಾಪ್‌ಗಳನ್ನು ಹುಡುಕಲು ನಾನು ಬಳಸಿ ನೋಡಿದ ವಿಧಾನಗಳನ್ನು ಒಂದೇ ರೆಸ್ಯೂಮ್‌ನ ಮೇಲೆ ಇಟ್ಟು ಇಲ್ಲಿ ಹೋಲಿಸಿದ್ದೇನೆ.

ಅಭ್ಯರ್ಥಿ ಎಲೆಕ್ಟ್ರಿಷಿಯನ್. ಕೊಪ್ಪಳ ಜಿಲ್ಲೆಯ ಕಾರ್ಖಾನೆಯೊಂದರಲ್ಲಿ 1-6-2016ರಿಂದ 31-3-2021ರವರೆಗೆ ಕೆಲಸ. ಅದರ ಜೊತೆಗೇ 1-8-2017ರಿಂದ 31-1-2018ರವರೆಗೆ ಐಟಿಐಯೊಂದರಲ್ಲಿ ಸಂಜೆಯ ಅರೆಕಾಲಿಕ ಬೋಧನೆ. ಬಳಿಕ ತೋರಣಗಲ್ಲಿನಲ್ಲಿ 1-12-2020ರಿಂದ 30-6-2022. ಕೊನೆಗೆ ರಾಯಚೂರಿನ ಶಕ್ತಿನಗರದಲ್ಲಿ 10-10-2022ರಿಂದ ಇಂದಿನವರೆಗೆ.

ಎಕ್ಸೆಲ್ ಹಾಳೆಯಲ್ಲಿ ಸೇರಿದ ತಾರೀಖನ್ನು B ಕಾಲಂನಲ್ಲಿ, ಬಿಟ್ಟ ತಾರೀಖನ್ನು C ಕಾಲಂನಲ್ಲಿ ಇಟ್ಟು, ಎರಡನೆಯ ಸಾಲಿನಿಂದ ತುಂಬುತ್ತಾ ಹೋಗಿ, ಸೇರಿದ ತಾರೀಖಿನ ಕ್ರಮದಲ್ಲಿ ಜೋಡಿಸಿದ ಮೇಲೆ ಬಹಳ ಮಂದಿ ಮೂರನೆಯ ಸಾಲಿನಲ್ಲಿ ಹಾಕಿ ಕೆಳಗಿನ ಸಾಲುಗಳಿಗೆ ಎಳೆಯುವ ಸೂತ್ರ ಇದು:

```
=B3-C2-1
```

ಉತ್ತರ ಧನ ಸಂಖ್ಯೆಯಾದರೆ ಅಷ್ಟು ದಿನದ ಗ್ಯಾಪ್, ಋಣ ಸಂಖ್ಯೆಯಾದರೆ ಓವರ್‌ಲ್ಯಾಪ್. ಕೆಲಸಗಳು ಒಂದರ ಹಿಂದೆ ಒಂದು ಬಂದಿದ್ದರೆ ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಮೇಲಿನ ರೆಸ್ಯೂಮ್‌ನಲ್ಲಿ ತೋರಣಗಲ್ಲಿನ ಸಾಲಿಗೆ ಬಂದಾಗ ಈ ಸೂತ್ರವು ಅದರ ಹಿಂದಿನ ಸಾಲಾದ ಬೋಧನೆಯನ್ನು ಮಾತ್ರ ನೋಡಿ 1034 ದಿನಗಳ ಗ್ಯಾಪ್ ತೋರಿಸುತ್ತದೆ. ಆ ಅವಧಿಯುದ್ದಕ್ಕೂ ಆತ ಕೊಪ್ಪಳದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದುದು ಅದಕ್ಕೆ ಕಾಣುವುದೇ ಇಲ್ಲ. ಅಷ್ಟೇ ಅಲ್ಲ, ಕೊಪ್ಪಳ ಮತ್ತು ತೋರಣಗಲ್ಲು ನಿಜಕ್ಕೂ ಒಂದರ ಮೇಲೊಂದು ಬಿದ್ದಿರುವ ನಾಲ್ಕು ತಿಂಗಳು ಕೈತಪ್ಪಿ ಹೋಗುತ್ತದೆ. ದುಡಿದವನನ್ನು ಸುಮಾರು ಮೂರು ವರ್ಷ ನಿರುದ್ಯೋಗಿ ಎಂದು ತೋರಿಸುವ ಈ ದೋಷವನ್ನು ನಾನು ಸಣ್ಣದೆಂದು ಭಾವಿಸುವುದಿಲ್ಲ.

ಎರಡನೆಯ ವಿಧಾನದಲ್ಲಿ ಹಿಂದಿನ ಸಾಲಿನ ಬದಲು, ಅಲ್ಲಿಯವರೆಗಿನ ಎಲ್ಲ ಸಾಲುಗಳಲ್ಲಿ ಅತಿ ತಡವಾದ ಬಿಟ್ಟ ತಾರೀಖಿಗೆ ಹೋಲಿಸುತ್ತೇವೆ:

```
=B3-MAX(C$2:C2)-1
```

ಈಗ ತೋರಣಗಲ್ಲಿನ ಸಾಲಿನಲ್ಲಿ ಋಣ ಸಂಖ್ಯೆ ಬರುತ್ತದೆ, ಶಕ್ತಿನಗರದ ಸಾಲಿನಲ್ಲಿ 101 ಬರುತ್ತದೆ. ದಿನಗಳ ಎಣಿಕೆ ಸಿಕ್ಕರೆ ಸಾಲದು, ಅಭ್ಯರ್ಥಿಯ ಮುಂದೆ ಇಡಲು ಅವಧಿಯೇ ಬೇಕು. ಗ್ಯಾಪ್ ಆದರೆ ಅದು `MAX(C$2:C2)+1` ರಿಂದ `B3-1` ರವರೆಗೆ, ಓವರ್‌ಲ್ಯಾಪ್ ಆದರೆ `B3` ರಿಂದ `MIN(C3,MAX(C$2:C2))` ರವರೆಗೆ. ಹೀಗೆ ಈ ರೆಸ್ಯೂಮ್‌ನಿಂದ ಮೂರು ಅವಧಿಗಳು ಹೊರಬರುತ್ತವೆ: ಬೋಧನೆಯ ಆರು ತಿಂಗಳ ಓವರ್‌ಲ್ಯಾಪ್, 1-12-2020ರಿಂದ 31-3-2021ರವರೆಗಿನ ಓವರ್‌ಲ್ಯಾಪ್, ಮತ್ತು 1-7-2022ರಿಂದ 9-10-2022ರವರೆಗಿನ ಗ್ಯಾಪ್. ಯಾವ ಎರಡು ಕೆಲಸಗಳು ಒಂದರ ಮೇಲೊಂದು ಬಿದ್ದಿವೆ ಎಂಬುದನ್ನು ಮಾತ್ರ ಈ ಸೂತ್ರ ಹೇಳುವುದಿಲ್ಲ. ಮೂರು ಕೆಲಸಗಳು ಒಂದೇ ಕಾಲಕ್ಕೆ ನಡೆದಿದ್ದರೆ ಪ್ರತಿ ಜೋಡಿಯನ್ನೂ ಬೇರೆಬೇರೆಯಾಗಿ ನೋಡಲೇಬೇಕು.

ಚೌಕುಳಿ ಹಾಳೆಯಲ್ಲಿ ತಿಂಗಳಿಗೊಂದು ಚೌಕದಂತೆ ಗೆರೆ ಎಳೆಯುವ ಹಳೆಯ ಕ್ರಮವನ್ನೂ ನಾನು ಬಿಟ್ಟಿಲ್ಲ. ರಾಶಿ ರೆಸ್ಯೂಮ್‌ಗಳಿಗೆ ಅದು ಆಗದ ಮಾತು. ಆದರೆ ಅಭ್ಯರ್ಥಿಯನ್ನು ಎದುರಿಗೆ ಕೂರಿಸಿಕೊಂಡು ಕೇಳುವಾಗ ಯಾವ ಗೆರೆ ಯಾವುದರ ಮೇಲೆ ಬಿದ್ದಿದೆ ಎಂಬುದನ್ನು ಇದರಷ್ಟು ಬೇಗ ಬೇರಾವುದೂ ತೋರಿಸದು.

ಎರಡು ಸೂತ್ರಗಳನ್ನೂ ಕೆಡಿಸುವ ವಿಷಯ ತಾರೀಖಿನ ನಮೂದು. ಕಂಪ್ಯೂಟರ್ ಅಮೆರಿಕದ ಕ್ರಮದಲ್ಲಿ, ಅಂದರೆ ತಿಂಗಳು ಮೊದಲಾಗಿ, ಓದುವಂತಿದ್ದರೆ 31/03/2021 ಎಂದು ಬರೆದದ್ದು ತಾರೀಖಾಗದೆ ಬರೀ ಅಕ್ಷರವಾಗಿ ಉಳಿಯುತ್ತದೆ, `MAX` ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಯಾವ ಎಚ್ಚರಿಕೆಯೂ ಬರುವುದಿಲ್ಲ. ಜೋಡಣೆ ಬದಲಿಸದಿದ್ದರೆ ಅಂಥ ನಮೂದು ಕೋಶದ ಎಡಕ್ಕೆ ಅಂಟಿಕೊಂಡಿರುತ್ತದೆ, ನಿಜವಾದ ತಾರೀಖು ಬಲಕ್ಕಿರುತ್ತದೆ. "ಇಂದಿನವರೆಗೆ" ಎಂಬ ಮಾತಿಗೂ ಇದೇ ಗತಿ, ಆದ್ದರಿಂದ ಅಲ್ಲಿ `=TODAY()` ಹಾಕುವುದು ಕ್ಷೇಮ.

ತಿಂಗಳು ಮಾತ್ರ ಬರೆದಿದ್ದಾಗ ಹೆಚ್ಚು ಜಾಗರೂಕತೆ ಬೇಕು. "ಮಾರ್ಚ್ 2021ರವರೆಗೆ" ಮತ್ತು "ಮಾರ್ಚ್ 2021ರಿಂದ" ಎಂಬ ಎರಡು ಸಾಲುಗಳಲ್ಲಿ ಸೇರಿದ್ದನ್ನು ಒಂದನೇ ತಾರೀಖು, ಬಿಟ್ಟದ್ದನ್ನು ಮೂವತ್ತೊಂದು ಎಂದು ಹಿಡಿದರೆ ಇಡೀ ತಿಂಗಳ ಓವರ್‌ಲ್ಯಾಪ್ ಬರುತ್ತದೆ. ವಾಸ್ತವದಲ್ಲಿ ಆತ ಹದಿನೈದಕ್ಕೆ ಬಿಟ್ಟು ಹದಿನಾರಕ್ಕೆ ಸೇರಿರಬಹುದು. ಹೀಗಾಗಿ ಸೇರಿದ್ದನ್ನು ತಿಂಗಳ ಕೊನೆಗೆ, ಬಿಟ್ಟದ್ದನ್ನು ತಿಂಗಳ ಮೊದಲಿಗೆ ಇಟ್ಟು ಇನ್ನೊಮ್ಮೆ ಲೆಕ್ಕ ಹಾಕಿ, ಆಗಲೂ ಉಳಿಯುವ ಓವರ್‌ಲ್ಯಾಪನ್ನು ಮಾತ್ರ ಖಚಿತವೆಂದು ಬರೆಯುತ್ತೇನೆ. ಗ್ಯಾಪ್‌ಗೆ ಮೊದಲನೆಯ ಲೆಕ್ಕವೇ ಸರಿ: ಅದರಲ್ಲಿ ಕಂಡ ಗ್ಯಾಪ್ ನಿಜವಾಗಿಯೂ ಇದ್ದೇ ಇರುತ್ತದೆ.

ನಮ್ಮ ಕಚೇರಿಯ ಕೆಲಸಕ್ಕೆ ನಾನು ಆರಿಸಿಕೊಂಡಿರುವುದು ಎರಡನೆಯ ಸೂತ್ರವನ್ನು. ಅದು ಕೊಟ್ಟ ಪ್ರತಿ ಅವಧಿಯನ್ನೂ ಎರಡು ತುದಿಯ ತಾರೀಖು ಮತ್ತು ಸಂಬಂಧಪಟ್ಟ ಕೆಲಸಗಳ ಹೆಸರಿನೊಡನೆ ಅಭ್ಯರ್ಥಿಗೆ ಕಳುಹಿಸಿ, ಪಿಎಫ್ ಖಾತೆಯ ಸೇವಾ ವಿವರದಲ್ಲಿರುವ ತಾರೀಖುಗಳೊಂದಿಗೆ ಉತ್ತರಿಸಲು ಕೇಳುತ್ತೇನೆ. ಬಿಟ್ಟ ತಾರೀಖನ್ನು ಮಾಲೀಕರು ತಪ್ಪಾಗಿ ನಮೂದಿಸಿರುವುದೂ ಉಂಟಾದ್ದರಿಂದ, ಅನುಭವ ಪತ್ರವನ್ನೂ ನೋಡದೆ ಯಾವ ಓವರ್‌ಲ್ಯಾಪನ್ನೂ ಅಭ್ಯರ್ಥಿಯ ತಲೆಗೆ ಕಟ್ಟುವುದಿಲ್ಲ.