ಇಳಿಜಾರು, ಹೆಜ್ಜೆ, ಬೆಲೆಯ ಇಳಿಕೆ: ಯಾವುದನ್ನು ನೋಡಿ ನಿಲ್ಲಿಸಬೇಕು?

`f(x) = x⁴` ತೆಗೆದುಕೊಳ್ಳಿ. ಇದರ ಕನಿಷ್ಠ ಬಿಂದು `x = 0`. ಅದನ್ನು ಹುಡುಕಲು ಗ್ರೇಡಿಯಂಟ್ ಡಿಸೆಂಟ್ ಓಡಿಸೋಣ, ಲರ್ನಿಂಗ್ ರೇಟ್ 0.01. ಇಳಿಜಾರು ಅಂದರೆ ಗ್ರೇಡಿಯಂಟ್, ಹೆಜ್ಜೆಯ ಉದ್ದ, ಬೆಲೆ ಅಂದರೆ `f`ನ ಮೌಲ್ಯದ ಇಳಿಕೆ: ಇವುಗಳಲ್ಲಿ ಆಯ್ದ ಒಂದು ಮಿತಿಗಿಂತ ಚಿಕ್ಕದಾದಾಗ ಓಟ ನಿಲ್ಲಿಸುತ್ತೇವೆ. ಮೂರೂ ಪರೀಕ್ಷೆಗಳಿಗೆ ಒಂದೇ ಮಿತಿ: `1e-6`.

ಬೆಲೆಯ ಇಳಿಕೆಯನ್ನು ನೋಡಿದರೆ ಓಟ ಸುಮಾರು 0.136ರಲ್ಲೇ ನಿಲ್ಲುತ್ತದೆ. ಹೆಜ್ಜೆಯ ಉದ್ದ ನೋಡಿದರೆ 0.029ರವರೆಗೆ, ಗ್ರೇಡಿಯಂಟ್ ನೋಡಿದರೆ 0.0063ರವರೆಗೆ ಹೋಗುತ್ತದೆ. ಕಾರಣ ಸರಳ: ಹೆಜ್ಜೆ ಎಂದರೆ ರೇಟ್ ಗುಣಿಸು ಗ್ರೇಡಿಯಂಟ್, ಬೆಲೆಯ ಇಳಿಕೆ ಹೆಚ್ಚುಕಡಿಮೆ ರೇಟ್ ಗುಣಿಸು ಗ್ರೇಡಿಯಂಟಿನ ವರ್ಗ. ಹಾಗಾಗಿ ಬೆಲೆಯ ಬದಲಾವಣೆ ಎಲ್ಲಕ್ಕಿಂತ ಬೇಗ ಸೊರಗುತ್ತದೆ.

ಹೆಜ್ಜೆಯ ಪರೀಕ್ಷೆಯನ್ನು ಒಂಟಿಯಾಗಿ ನಂಬಲೇಬೇಡಿ. ರೇಟ್ 0.0001ಕ್ಕೆ ಇಳಿಸಿ ನೋಡಿ, ಅದೂ 0.136ರಲ್ಲೇ ನಿಂತುಬಿಡುತ್ತದೆ, ಅಲ್ಲಿ ಹೆಜ್ಜೆ ಚಿಕ್ಕದಾಗಿದ್ದು ನಾವು ಚಿಕ್ಕದು ಮಾಡಿದ್ದರಿಂದ.

ನಯವಾದ ಫಂಕ್ಷನ್‌ಗೆ ನನ್ನ ಆಯ್ಕೆ ಗ್ರೇಡಿಯಂಟ್. ಆದರೆ `f` ಅನ್ನು 1000ದಿಂದ ಗುಣಿಸಿದರೆ ಅದೂ ಅಷ್ಟೇ ಪಟ್ಟು ಹಿಗ್ಗುತ್ತದೆ, ಆದ್ದರಿಂದ ಆರಂಭದ ಗ್ರೇಡಿಯಂಟಿನಿಂದ ಭಾಗಿಸಿ ಹೋಲಿಸಿ. `|x|`ನಂಥ ಮೂಲೆಯಿರುವ ಫಂಕ್ಷನ್‌ನಲ್ಲಿ ಕನಿಷ್ಠದ ಪಕ್ಕದಲ್ಲೂ ಗ್ರೇಡಿಯಂಟಿನ ಅಳತೆ 1 ಆಗಿಯೇ ಉಳಿಯುತ್ತದೆ. ಅಲ್ಲಿ ಸತತ ಹತ್ತಾರು ಸುತ್ತು ಬೆಲೆ ಇಳಿಯದಿದ್ದರೆ ನಿಲ್ಲಿಸುವುದೇ ದಾರಿ. ಸೈಪೈನ `L-BFGS-B` ಬಳಸುವವರು ಗ್ರೇಡಿಯಂಟಿನ ಮಿತಿ `gtol` ಬಿಗಿ ಮಾಡುವಾಗ ಬೆಲೆಯ ಇಳಿಕೆಯ ಮಿತಿ `ftol` ಕೂಡ ಇಳಿಸಬೇಕು, ಇಲ್ಲದಿದ್ದರೆ ಎರಡನೆಯದೇ ಮೊದಲು ಓಟ ನಿಲ್ಲಿಸಬಹುದು. ಯಾವುದರಿಂದ ನಿಂತಿತೆಂದು `message` ಹೇಳುತ್ತದೆ.